ಕೊಂಡಿ ಜವರಯ್ಯ

ಕೊಡಗು ಇನ್ನೂ ತನ್ನದೇ ಪುಟ್ಟ ರಾಜ್ಯವಾಗಿದ್ದ ಆ ನಾಲ್ಕೈದು ವರ್ಷಗಳಲ್ಲಿ ಮಡಿಕೇರಿಯಲ್ಲಿ ಎಷ್ಟೋ ಕಚೇರಿಗಳು ಹುಟ್ಟಿದವು. ಅವುಗಳಲ್ಲೊಂದು ಏಲಕ್ಕಿ ಬೆಳೆಗಾರರಿಗೆ ತಿಳಿವಳಿಕೆ ಕೊಡುವ ಕಚೇರಿ. ಎರಡು ಕೋಣೆ, ಒಂದು ಜೀಪು, ಒಬ್ಬ ಅಧಿಕಾರಿ, ಮೂವರು ಗುಮಾಸ್ತರು. ಮೂವರಲ್ಲಿ ಇಬ್ಬರು ಖಾಯಂ, ಒಬ್ಬ ಹಂಗಾಮಿ. ಆ ಹಂಗಾಮಿಯೇ ಜವರಯ್ಯ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆನಿಂತ ರೈತರ ಮನೆಯವನು. ಸೋಮವಾರಪೇಟೆಯ ಮೇಲಿನ ಗುಡ್ಡದ ಬುಡದಲ್ಲಿದ್ದ ಒಂದು ಶಾಲೆಯಲ್ಲಿ ನಾಲ್ಕು ವರ್ಷ ಮೇಷ್ಟರಾಗಿದ್ದು, ಸರ್ಕಾರಿ ಕೆಲಸವೆಂಬ ಆಸೆಗೆ ಬಿದ್ದು ಕಚೇರಿಗೆ ಬಂದವನು.

ಅವನಿಗೆ 'ಕೊಂಡಿ' ಎಂದು ಹೆಸರಿಟ್ಟವರು ಉಳಿದಿಬ್ಬರು ಗುಮಾಸ್ತರು. ಅಡ್ಡಹೆಸರು ಇಡುವುದಕ್ಕೆ ನಮ್ಮ ಕಚೇರಿಗಳಲ್ಲಿ ಯಾವತ್ತೂ ಸಮಯದ ಅಭಾವವಿಲ್ಲ. ಆದರೆ ಹೆಸರು ಸುಮ್ಮನೆ ಬಂದದ್ದಲ್ಲ. ಅಧಿಕಾರಿ ಪೂವಯ್ಯನವರು ಊರೂರಿಗೆ ಹೋಗಿ ಎರಡೆರಡು ಗಂಟೆ ಉಪನ್ಯಾಸ ಮಾಡುತ್ತಿದ್ದರು. ವಿಷಯ ಅವರಿಗೆ ಕರತಲಾಮಲಕ, ಕಂಠವೂ ಚೆನ್ನಾಗಿತ್ತು. ಆದರೆ ಒಂದು ಭಾಗ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಅವರು 'ಮುಂದಿನದು' ಎನ್ನುತ್ತಿದ್ದರು, ಅಷ್ಟೇ. ಎಲ್ಲಿಂದ ಮುಂದೆ, ಎತ್ತ ಮುಂದೆ, ಕೇಳಬೇಡಿ. ಜನ ಅಲ್ಲಿಗೇ ಕೈಬಿಟ್ಟುಹೋಗುತ್ತಿದ್ದರು. ಎಲೆಯಡಿಕೆ ಚೀಲ ಬಿಚ್ಚಿಕೊಳ್ಳುತ್ತಿದ್ದರು, ಪಕ್ಕದವನೊಂದಿಗೆ ಮಾತಿಗೆ ತೊಡಗುತ್ತಿದ್ದರು.

ಈ ಕಾಯಿಲೆಗೆ ಮದ್ದು ಕಂಡುಹಿಡಿದವನು ಜವರಯ್ಯ. ಒಬ್ಬನೇ ಮೇಷ್ಟರಿದ್ದ ಶಾಲೆಯಲ್ಲಿ ನಾಲ್ಕು ತರಗತಿಯನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಪಾಠ ಹೇಳಿದವನಿಗೆ, ಬಿಟ್ಟ ಎಳೆಯನ್ನು ಮತ್ತೆ ಹಿಡಿಸುವುದು ಹೇಗೆಂದು ಗೊತ್ತಿರುತ್ತದೆ. ಅವನು ಉಪನ್ಯಾಸದ ಒಂದೊಂದು ಭಾಗದ ಕೊನೆಗೂ ಒಂದು ರಟ್ಟಿನ ಚೀಟಿ ಗುಂಡುಸೂಜಿಯಿಂದ ಚುಚ್ಚತೊಡಗಿದ. ಅದರ ಮೇಲೆ ಕೆಂಪು ಮಸಿಯಲ್ಲಿ, ದಪ್ಪಕ್ಷರದಲ್ಲಿ, ಎರಡು ಮೂರು ವಾಕ್ಯ. ಮೊದಲನೆಯದು ಇಲ್ಲಿಯವರೆಗೆ ಹೇಳಿದ್ದನ್ನು ಹಿಡಿಯಷ್ಟು ಮಾಡಿ ಹೇಳುತ್ತಿತ್ತು. ಎರಡನೆಯದು ಅದರಿಂದಲೇ ಏಳುವ ಪ್ರಶ್ನೆಯನ್ನು ಕೇಳುತ್ತಿತ್ತು. ಆ ಪ್ರಶ್ನೆಗೆ ಉತ್ತರವೇ ಮುಂದಿನ ಭಾಗ. ಪೂವಯ್ಯನವರು ಕಾಗದ ನೋಡಿ ಓದುತ್ತ ಬಂದು, ಚೀಟಿ ಸಿಕ್ಕಿದಾಗ ತಲೆಯೆತ್ತಿ, ಜನರ ಮುಖ ನೋಡಿ ಅದನ್ನು ಹೇಳಬೇಕು. ಇಷ್ಟೇ ಏರ್ಪಾಡು. ಭಾಗಕ್ಕೆ ಭಾಗವನ್ನು ಸೇರಿಸುವ ಈ ಮಾತಿಗೇ ಕಚೇರಿಯಲ್ಲಿ ಕೊಂಡಿ ಎಂದು ಹೆಸರಾಯಿತು.

ಸಂತೆಯ ದಿನದ ಸಭೆ ಎಂದರೆ ಹೋಗುವವರು ಹೋಗುತ್ತಿರುತ್ತಾರೆ, ಬರುವವರು ಬರುತ್ತಿರುತ್ತಾರೆ. ಒಬ್ಬನ ಮನೆಮಾತು ಕೊಡವ, ಒಬ್ಬನದು ಅರೆಭಾಷೆ, ಒಬ್ಬನದು ಮಲಯಾಳ, ಇನ್ನೊಬ್ಬನದು ತುಳು. ಕನ್ನಡ ಎಲ್ಲರಿಗೂ ನಡುವಿನ ಜಗಲಿ. ಆದ್ದರಿಂದ ಚೀಟಿಯ ಮಾತು ಸಣ್ಣದಿರಬೇಕು, ಒಂದು ವಸ್ತುವಿಗೆ ಕೊನೆಯವರೆಗೂ ಒಂದೇ ಹೆಸರಿರಬೇಕು, ಈಗಷ್ಟೇ ಬಾಗಿಲಲ್ಲಿ ಬಂದು ನಿಂತವನಿಗೂ ಕಥೆ ಎಲ್ಲಿಗೆ ಬಂತೆಂದು ತಿಳಿಯಬೇಕು. ಎಲ್ಲಕ್ಕಿಂತ ಮುಖ್ಯವಾದ ಇನ್ನೊಂದು ನಿಯಮವನ್ನು ಜವರಯ್ಯ ತಾನೇ ಮಾಡಿಕೊಂಡಿದ್ದ: ಕೊಂಡಿಯ ಮೇಲೆ ಸರಕು ಹೇರಬಾರದು. ಹೊಸ ವಿಷಯವೇನಿದ್ದರೂ ಭಾಗದೊಳಗೇ ಇರಬೇಕು. ಕೊಂಡಿ ದಾರಿ ತೋರಿಸಿದರೆ ಸಾಕು.

ಬರೆದದ್ದನ್ನು ಅವನು ಮೊದಲು ಪರೀಕ್ಷೆ ಮಾಡುತ್ತಿದ್ದುದು ಹೆಂಡತಿ ಸಿದ್ದಮ್ಮನ ಮೇಲೆ. ಅವಳು ಒಲೆಗೂ ಹಿತ್ತಲಿಗೂ ಓಡಾಡುತ್ತಿರುವಾಗ ಇವನು ಜೋರಾಗಿ ಓದುತ್ತಿದ್ದ. ಹಿತ್ತಲಿಂದ ಅವಳು ಒಳಗೆ ಬಂದ ಕೂಡಲೇ, "ಈಗ ಎಲ್ಲಿದೀವಿ ಹೇಳು" ಎನ್ನುತ್ತಿದ್ದ.

"ಎಲೆ ಹೇನು ಹಾರಿ ಹೋಗಿ ಪಕ್ಕದ ಗಿಡದ ಮೇಲೆ ಕೂತೈತೆ. ಇನ್ನು ಅದು ಅಲ್ಲೇನ್ ಮಾಡುತ್ತೆ ಅಂತ ಹೇಳ್ಬೇಕು ನಿಮ್ ಸಾಹೇಬ್ರು. ಸಾರು ಉಕ್ತಾ ಐತೆ, ದಾರಿ ಬಿಡಿ."

ಅವಳು ಹೀಗೆ ಹೇಳಿದರೆ ಚೀಟಿ ಪಾಸು. "ಏನೋಪ್ಪ, ನಂಗೆ ತಿಳೀಲಿಲ್ಲ" ಎಂದರೆ ಹರಿದು ಬೇರೆ ಬರೆಯುತ್ತಿದ್ದ. ಆ ಕೆಲಸಕ್ಕೆ ಅವನಿಗೆ ಸಂಬಳದಲ್ಲಿ ಕಾಸು ಹೆಚ್ಚಿರಲಿಲ್ಲ, ಕಡತದಲ್ಲಿ ಅದಕ್ಕೊಂದು ಹೆಸರೂ ಇರಲಿಲ್ಲ. ಊರವರು, "ಪೂವಯ್ಯನವರ ಭಾಷಣ ಅಂದ್ರೆ ನೀರು ಹರಿದ ಹಾಗೆ" ಎನ್ನುತ್ತಿದ್ದರು. ಪೂವಯ್ಯನವರು ಕೈಮುಗಿದು ಸ್ವೀಕರಿಸುತ್ತಿದ್ದರು. ಜವರಯ್ಯನಿಗೆ ಅದರ ಬಗ್ಗೆ ಹೊಟ್ಟೆಯುರಿ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಇತ್ತು. ಆದರೆ ಅದಕ್ಕಿಂತ ದೊಡ್ಡದು ಖಾಯಮಾತಿಯ ಆಸೆ. ವರ್ಷಕ್ಕೆರಡು ಸಲ ಹಂಗಾಮಿ ಹುದ್ದೆ ಮುಂದುವರಿಯುತ್ತದೋ ಇಲ್ಲವೋ ಎಂದು ಕಾಯುವ ಬಾಳು ಅವನಿಗೆ ಸಾಕಾಗಿತ್ತು, ಮತ್ತು ಖಾಯಂ ಮಾಡಿ ಎಂದು ಬರೆಯಬೇಕಾದ ಕೈ ಪೂವಯ್ಯನವರದ್ದೇ ಆಗಿತ್ತು.

ಆ ವರ್ಷ ಮೇ ತಿಂಗಳಲ್ಲಿ, ಮೊದಲ ಮಳೆ ಬಿದ್ದ ಮೇಲೆ, ಸೋಮವಾರಪೇಟೆಯಲ್ಲಿ ಕಟ್ಟೆ ರೋಗದ ಬಗ್ಗೆ ದೊಡ್ಡ ಸಭೆ ಗೊತ್ತಾಯಿತು. ಏಲಕ್ಕಿಗೆ ಕಟ್ಟೆ ಬಂದರೆ ಮುಗಿಯಿತು. ಎಳೆ ಎಲೆಯ ಮೇಲೆ ತಿಳಿ ಹಳದಿಯ ಗೆರೆಗಳು ತುಂಡುತುಂಡಾಗಿ ಮೂಡುತ್ತವೆ, ಬುಡ, ಅಂದರೆ ಒಂದೇ ಗೆಡ್ಡೆಯಿಂದ ಎದ್ದ ದಂಟುಗಳ ಗುಂಪು, ವರ್ಷದಿಂದ ವರ್ಷಕ್ಕೆ ಕುಗ್ಗುತ್ತದೆ, ಕಾಯಿ ಕಟ್ಟುವುದಿಲ್ಲ. ರಸ ಹೀರುವ ಎಲೆ ಹೇನು ಅದನ್ನು ಗಿಡದಿಂದ ಗಿಡಕ್ಕೆ ದಾಟಿಸುತ್ತದೆ, ಗೆಡ್ಡೆಯೊಳಗೂ ರೋಗ ಕೂತಿರುತ್ತದೆ. ಔಷಧಿ ಇಲ್ಲ. ಗೆಡ್ಡೆ ಸಮೇತ ಕಿತ್ತು ಸುಡಬೇಕು, ಅಷ್ಟೇ.

ಉಪನ್ಯಾಸಕ್ಕೆ ನಾಲ್ಕು ಭಾಗ. ಒಂದು, ರೋಗದ ಗುರುತು. ಎರಡು, ಗುರುತು ಕಂಡ ಬುಡವನ್ನು ಕಿತ್ತು ಸುಡುವುದು. ಮೂರು, ಸುಟ್ಟು ತೆರಪಾದ ಜಾಗಕ್ಕೆ ರೋಗವಿಲ್ಲದ ತೋಟದಿಂದ ಬುಡ ತಂದು, ಒಡೆದು ನೆಡುವುದು. ನಾಲ್ಕು, ಬೀಜದಿಂದ ಸಸಿ ಎಬ್ಬಿಸುವುದು. ಮೊದಲ ಭಾಗದ ಕೊನೆಗೆ ಜವರಯ್ಯ ಬರೆದ ಚೀಟಿ ಹೀಗಿತ್ತು: 'ಗುರುತು ತಿಳಿಯಿತು. ಗೆರೆ ಕಂಡ ಬುಡ ಹಾಗೇ ಬಿಡಬಾರದು. ಬಿಡದೆ ಏನು ಮಾಡಬೇಕು? ಕೇಳಿ, ಮನೆಗೆ ಹೋದವರೇ ಮಾಡಿ.' ಎಷ್ಟು ಸಲ ಓದಿದರೂ ಅವನಿಗೆ ಅದು ರುಚಿಸಿತು. ಸಿದ್ದಮ್ಮ ಮೂರು ದಿನ ಒಲೆಯ ಮುಂದೆ, "ಗೆರೆ ಕಂಡ ಬುಡ ಹಾಗೇ ಬಿಡಬಾರ್ದು" ಎಂದು ಹಾಡಿಕೊಂಡಳು.

ಮೂರನೆಯ ಭಾಗದ ಮೊದಲಿಗೆ ಪೂವಯ್ಯನವರು, 'ರೋಗರಹಿತ ತೋಟಗಳಿಂದ ಆರಿಸಿ ತಂದ ಆರೋಗ್ಯವಂತ ಬುಡಗಳನ್ನು' ಎಂದು ಶುರು ಮಾಡಿದ್ದರು. ಜವರಯ್ಯನಿಗೆ ಅದು ಕಿವಿಗೆ ಒರಟಾಯಿತು. ಎರಡನೆಯ ಭಾಗದ ಕೊನೆಯ ಚೀಟಿಯಲ್ಲಿ ಅವನು, 'ರೋಗದ ಬುಡ ಬೂದಿಯಾಯಿತು, ತೆರಪು ಉಳಿಯಿತು. ಅದಕ್ಕೆ ರೋಗ ಸುಳಿಯದ ತೋಟದಿಂದ ಬುಡ ತನ್ನಿ. ತಂದದ್ದನ್ನು ನೆಡುವುದು ಹೇಗೆ?' ಎಂದು ಚೆಲುವಾಗಿ ಬರೆದಿದ್ದ. ಹೇಳಿದ್ದನ್ನೇ ಹೇಳಿದರೆ ಕಿವಿ ತೂಕಡಿಸುತ್ತದೆ ಎಂದು ಭಾಗದೊಳಗಿನ ಆ ಸಾಲನ್ನು ಹೊಡೆದುಹಾಕಿದ. ಅಲ್ಲಿಗೆ ಮೂರನೆಯ ಭಾಗ ನೇರವಾಗಿ, 'ಬುಡವನ್ನು ಅಗೆದು, ಎರಡು ಮೂರು ದಂಟಿಗೊಂದರಂತೆ ಒಡೆದು, ಸಾಲಿನ ತೆರಪುಗಳಲ್ಲಿ ನೆಡಿ' ಎಂದು ಶುರುವಾಗುವಂತಾಯಿತು. ಯಾವ ಬುಡ ಎಂಬುದು ಚೀಟಿಯ ಮೇಲೆ ಮಾತ್ರ ಉಳಿಯಿತು. ಕೊಂಡಿಯ ಮೇಲೆ ಸರಕು ಹೇರಬಾರದೆಂದು ಊರಿಗೆಲ್ಲ ಹೇಳುತ್ತಿದ್ದವನು ತನ್ನ ವಾಕ್ಯದ ಅಂದಕ್ಕೆ ಮರುಳಾಗಿ ತಾನೇ ಹೇರಿದ. ಆಗ ಅವನಿಗೆ ಅದು ತಪ್ಪೆಂದು ಅನ್ನಿಸಲೂ ಇಲ್ಲ.

ಸೋಮವಾರ ಸಂತೆ. ಶಾಲೆಯ ಹಜಾರದಲ್ಲಿ ಇನ್ನೂರು ಜನ. ಬಾಗಿಲಲ್ಲಿ ಇನ್ನಷ್ಟು. ಮುಂದಿನ ಸಾಲಿನಲ್ಲಿ ಸರ್ವಮಂಗಳಮ್ಮ ಕೂತಿದ್ದರು. ಗುಡ್ಡದ ಮೇಲೆ ಆರುನೂರು ಬುಡದ ಏಲಕ್ಕಿ ತೋಟವನ್ನು ಗಂಡ ಹೋದ ಮೇಲೆ ಒಬ್ಬರೇ ನೋಡಿಕೊಂಡಿದ್ದ ಹೆಂಗಸು. ಜವರಯ್ಯ ಮೇಷ್ಟರಾಗಿದ್ದಾಗ ಅವನಿಗೆ ಎಷ್ಟೋ ದಿನ ಮಧ್ಯಾಹ್ನದ ಊಟ ಅವರ ಮನೆಯದ್ದೇ. ಅವನನ್ನು ಕಂಡು, "ಮೇಷ್ಟ್ರೇ, ನಮ್ ತೋಟದಾಗೂ ಹತ್ತಿಪ್ಪತ್ತು ಬುಡಕ್ಕೆ ಬಂದೈತೆ. ಏನಾರ ದಾರಿ ತೋರ್ಸಿ" ಎಂದರು.

"ಅದಕ್ಕೇ ಅಲ್ವೇನಮ್ಮಾ ಬಂದಿರೋದು. ಪೂರ್ತಿ ಕೇಳಿ. ಒಂದ್ ಮಾತೂ ಬಿಡ್ಬೇಡಿ" ಎಂದ ಜವರಯ್ಯ.

ಸಭೆಗೆ ಮಡಿಕೇರಿಯಿಂದ ಒಬ್ಬ ದೊಡ್ಡ ಮನುಷ್ಯರು ಮುಖ್ಯ ಅತಿಥಿಯಾಗಿ ಬರಬೇಕಿತ್ತು. ರೋಗದ ಬುಡಗಳ ರಾಶಿಗೆ ಅವರ ಕೈಯಿಂದಲೇ ಬೆಂಕಿ ಹಚ್ಚಿಸಿ ಫೋಟೋ ತೆಗೆಸುವುದೆಂದು ಏರ್ಪಾಡು. ಹೊತ್ತಾದರೂ ಅವರ ಕಾರು ಕಾಣಲಿಲ್ಲ. ಪೂವಯ್ಯನವರು ವೇದಿಕೆ ಹತ್ತುವ ಮೊದಲು ಕಾಗದದ ಕಟ್ಟನ್ನು ಬಿಚ್ಚಿ, ಎರಡನೆಯ ಭಾಗವನ್ನು ಎಳೆದು ಎಲ್ಲಕ್ಕಿಂತ ಕೆಳಗೆ ಇಟ್ಟುಕೊಂಡರು.

"ಸುಡೋದನ್ನ ಕೊನೆಗೆ ಇಡೋಣ ಕಣ್ರೀ ಜವರಯ್ಯ. ಅಷ್ಟೊತ್ತಿಗೆ ಅವರು ಬಂದಿರ್ತಾರೆ."

"ಸಾರ್, ಹಾಗಾದ್ರೆ ಚೀಟಿ ಬೇರೆ ಬರೀಬೇಕು. ಅದು ಆ ಸಾಲಿಗೇ ಬರೆದದ್ದು."

"ಚೀಟಿ ಚೀಟಿ ಅಂತೀರಲ್ಲ! ವಿಷಯ ಎಲ್ಲಾ ಇದೆಯಲ್ವಾ? ಹಿಂದೆಮುಂದೆ ಆದ್ರೆ ಪ್ರಪಂಚ ಮುಳುಗತ್ತಾ? ಹೋಗಿ ಕೂತ್ಕೊಳ್ಳಿ."

ಜವರಯ್ಯ ಹೋಗಿ ಹಿಂದೆ ಕೂತ. ಮೈಕು ಚೆನ್ನಾಗಿತ್ತು. ಪೂವಯ್ಯನವರು ಗುರುತಿನ ಭಾಗವನ್ನು ಓದಿ, ರೋಗದ ಎಲೆಯನ್ನು ಎತ್ತಿ ತೋರಿಸಿ, ಭಾಗದ ಕೊನೆಯಲ್ಲಿ ಕೆಂಪು ಚೀಟಿ ಕಂಡು, ಅಭ್ಯಾಸದಂತೆ ತಲೆಯೆತ್ತಿದರು. "ಗುರುತು ತಿಳಿಯಿತು. ಗೆರೆ ಕಂಡ ಬುಡ ಹಾಗೇ ಬಿಡಬಾರದು!" ಎಂದರು. ಜನಕ್ಕೆ ಹಿಡಿಸಿತು. ಅವರಿಗೆ ಇನ್ನೂ ಹುಮ್ಮಸ್ಸು ಬಂದು, "ಎಲ್ಲಿ, ಎಲ್ಲರೂ ಹೇಳಿ ನೋಡೋಣ" ಎಂದರು. ಇನ್ನೂರು ಕಂಠ ಒಟ್ಟಿಗೆ, "ಗೆರೆ ಕಂಡ ಬುಡ ಹಾಗೇ ಬಿಡಬಾರದು" ಎಂದವು. ಕೊಡವರು, ಮಲಯಾಳಿಗಳು, ತುಳುವರು, ಎಲ್ಲರೂ. ಸರ್ವಮಂಗಳಮ್ಮನ ದನಿ ಎಲ್ಲರಿಗಿಂತ ಮುಂದಿತ್ತು.

"ಬಿಡದೆ ಏನು ಮಾಡಬೇಕು? ಕೇಳಿ, ಮನೆಗೆ ಹೋದವರೇ ಮಾಡಿ" ಎಂದು ಪೂವಯ್ಯನವರು ಹಾಳೆ ತಿರುವಿದರು. "ಬುಡವನ್ನು ಅಗೆದು, ಎರಡು ಮೂರು ದಂಟಿಗೊಂದರಂತೆ ಒಡೆದು, ಸಾಲಿನ ತೆರಪುಗಳಲ್ಲಿ ನೆಡಿ."

ಗೆರೆ ಕಂಡ ಬುಡವನ್ನೇ ಒಡೆದು ತೋಟದ ತುಂಬ ನೆಡಿ ಎಂದಾಯಿತಲ್ಲ! ಹತ್ತು ಬುಡದ ರೋಗವನ್ನು ಕೈಯಾರೆ ಮೂವತ್ತು ಕಡೆಗೆ ಹಂಚಿದಂತೆ. ಜವರಯ್ಯ ಅರ್ಧ ಎದ್ದ. ಮೇಲೆ ಅಧಿಕಾರಿ ಮಾತಾಡುತ್ತಿರುವಾಗ ಹಂಗಾಮಿ ಗುಮಾಸ್ತ ಎದ್ದು ನಿಂತು 'ತಪ್ಪು' ಎನ್ನುವುದುಂಟೆ? ಅದೊಂದು ಕಾರಣ. ಆದರೆ ಅದೊಂದೇ ಅಲ್ಲ. ಇನ್ನೂರು ಬಾಯಲ್ಲಿ ತನ್ನ ವಾಕ್ಯ ಮೊಳಗಿದ ಸುಖ ಅವನ ಮೈಯಲ್ಲಿ ಇನ್ನೂ ಇತ್ತು. ಹೆಸರಿಲ್ಲದೆ ಮೂರು ವರ್ಷ ದುಡಿದವನಿಗೆ ಅಷ್ಟು ಸುಖ ಯಾವತ್ತೂ ಸಿಕ್ಕಿರಲಿಲ್ಲ. ಅದನ್ನು ತಾನೇ ಎದ್ದು ಕೆಡಿಸುವುದಕ್ಕೆ ಅವನಿಗೆ ಮನಸ್ಸಾಗಲಿಲ್ಲ. ಕೊನೆಯಲ್ಲಿ ಸುಡುವ ಭಾಗ ಬರುತ್ತದಲ್ಲ, ಆಗ ಸರಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡು ಕೂತುಬಿಟ್ಟ.

ಕೊನೆಯ ಭಾಗ ಬರಲೇ ಇಲ್ಲ. ಸಸಿಯ ಭಾಗ ಮುಗಿಯುವ ಹೊತ್ತಿಗೆ ಗುಡ್ಡದ ಕಡೆಯ ಬಸ್ಸು ಹಾರ್ನ್ ಹಾಕಿತು, ಅರ್ಧ ಜನ ಎದ್ದು ಹೋದರು. ಸರ್ವಮಂಗಳಮ್ಮನೂ ಹೋದರು. ಆಮೇಲೆ ಅತಿಥಿಗಳ ಕಾರು ಬಂತು. ಅವರಿಗೆ ಬೇರೆಲ್ಲೋ ಊಟವಿತ್ತಂತೆ, ಅವಸರ. ಹಾರ ಹಾಕಿದರು, ಅಂಗಳದಲ್ಲಿ ರಾಶಿಗೆ ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚಿದರು, ಫೋಟೋ ತೆಗೆದರು. ಉಳಿದ ಜನ ಅದನ್ನು ದೊಡ್ಡವರು ಬಂದಾಗ ಮಾಡುವ ಒಂದು ಶಾಸ್ತ್ರವೆಂದುಕೊಂಡು ನೋಡಿದರು.

ಜೀಪಿನಲ್ಲಿ ಮಡಿಕೇರಿಗೆ ಮರಳುವಾಗ ಜವರಯ್ಯ ಬಾಯಿಬಿಟ್ಟ. "ಸಾರ್, ರೋಗದ ಬುಡಾನೇ ನೆಡಬೇಕು ಅಂತ ಜನ ತಿಳ್ಕೊಂಡಿರ್ತಾರೆ. ಒಂದು ಕರಪತ್ರ ಹಂಚಿಸಿಬಿಡೋಣ."

"ರೈತರಿಗೆ ಅಷ್ಟು ಗೊತ್ತಾಗಲ್ವೇನ್ರೀ? ಸುಟ್ಟಿದ್ದು ಕಣ್ಣಾರೆ ಕಂಡಿದಾರೆ" ಎಂದರು ಪೂವಯ್ಯನವರು.

ಆದರೂ ಜವರಯ್ಯ ಮಾರನೆಯ ದಿನವೇ ಕರಪತ್ರದ ಕರಡು ಬರೆದು ಅವರ ಮೇಜಿನ ಮೇಲಿಟ್ಟ. 'ನೋಡೋಣ' ಎಂದು ಅದರ ಮೇಲೆ ಬರೆದರು. ತಪ್ಪಾಗಿದೆ ಎಂದು ಅಚ್ಚು ಹಾಕಿಸಿ ಹಂಚುವ ಅಧಿಕಾರಿಯನ್ನು ನೀವು ನೋಡಿದ್ದೀರಾ? ಜೂನ್ ಬಂತು, ಮಳೆ ಕಟ್ಟಿಕೊಂಡಿತು. ನೆಡುವವರು ನೆಟ್ಟು ಮುಗಿಸಿದರು. ಗುಡ್ಡ ಹತ್ತಿ ಹೋಗಿ ಸರ್ವಮಂಗಳಮ್ಮನಿಗೊಬ್ಬರಿಗಾದರೂ ಹೇಳಿಬರಬಹುದಿತ್ತು. ರಜ ಕೇಳಿದರೆ ಏಕೆಂದು ಕೇಳುತ್ತಾರೆ, ಏಕೆಂದು ಹೇಳಿದರೆ ಪೂವಯ್ಯನವರ ಮುಖ ಕೆಡುತ್ತದೆ. ಹೀಗೆ ಲೆಕ್ಕ ಹಾಕಿ ಹೋಗಲಿಲ್ಲ.

ದೀಪಾವಳಿಯ ಹೊತ್ತಿಗೆ ಹೊಸ ದಂಟುಗಳ ಎಲೆಯಲ್ಲಿ ಗೆರೆ ಕಂಡಿತು. ಒಂದು ತೋಟವಲ್ಲ, ಗುಡ್ಡದ ಕಡೆಯ ಹದಿನಾಲ್ಕು ತೋಟ. ಮೊದಲು ಮೂಲೆಯಲ್ಲಿದ್ದ ರೋಗ ಈಗ ಸಾಲುಸಾಲಿಗೂ ಇತ್ತು. ಬೆಳೆಗಾರರು ಒಟ್ಟಾಗಿ ಮಡಿಕೇರಿಗೆ ಅರ್ಜಿ ಹಾಕಿದರು: ಕಚೇರಿ ಹೇಳಿದಂತೆಯೇ ಮಾಡಿ ತೋಟ ಹೋಯಿತು, ಸರ್ಕಾರ ಸಸಿ ಕೊಡಬೇಕು. ತಪ್ಪು ಕಚೇರಿಯದ್ದಾದರೆ ಸರ್ಕಾರಿ ಸಸಿಮಡಿಯಿಂದ ತೋಟಕ್ಕೆ ಬೇಕಾದಷ್ಟು ಸಸಿ ಪುಕ್ಕಟೆ ಕೊಡಬೇಕು. ಬೆಳೆಗಾರರದ್ದಾದರೆ ಏನೂ ಇಲ್ಲ. ಇದು ಎಲ್ಲರಿಗೂ ಗೊತ್ತಿದ್ದ ಮಾತು. ಜನವರಿಯಲ್ಲಿ ವಿಚಾರಣೆಗೆ ಮೇಲಧಿಕಾರಿಯೊಬ್ಬರು ಬಂದರು.

ಅದೇ ಶಾಲೆಯ ಹಜಾರ. ಒಬ್ಬೊಬ್ಬ ಬೆಳೆಗಾರನನ್ನೂ ಕರೆದು, ಉಪನ್ಯಾಸದಲ್ಲಿ ಏನು ಕೇಳಿದಿರಿ ಎಂದು ಅವರು ಕೇಳಿದರು. ಹೇನಿನ ಹೆಸರು ಒಬ್ಬರಿಗೂ ನೆನಪಿರಲಿಲ್ಲ. ಸಸಿಮಡಿಯ ಅಳತೆ ನೆನಪಿರಲಿಲ್ಲ. ಆದರೆ ಹದಿನಾಲ್ಕು ಜನವೂ ಒಂದಕ್ಷರ ತಪ್ಪದೆ, "ಗೆರೆ ಕಂಡ ಬುಡ ಹಾಗೇ ಬಿಡಬಾರದು. ಬಿಡದೆ ಏನು ಮಾಡಬೇಕು? ಕೇಳಿ, ಮನೆಗೆ ಹೋದವರೇ ಮಾಡಿ" ಎಂದು ಒಪ್ಪಿಸಿದರು. ಎಂಟು ತಿಂಗಳ ಮೇಲೆ! ಮೂಲೆಯಲ್ಲಿ ಕೂತ ಜವರಯ್ಯ ತಲೆ ತಗ್ಗಿಸಿದ. ಅವನ ವಿದ್ಯೆಗೆ ಅದಕ್ಕಿಂತ ದೊಡ್ಡ ಮರ್ಯಾದೆ ಯಾರೂ ಕೊಡಲಾರರು, ಮತ್ತು ಅದಕ್ಕಿಂತ ದೊಡ್ಡ ಏಟೂ ಇಲ್ಲ. ಜನ ಎಳೆ ಬಿಡಲಿಲ್ಲ. ಎಳೆ ಹಿಡಿದೇ ಹೋಗಿ ಗುಂಡಿಗೆ ಬಿದ್ದಿದ್ದರು.

ಸರ್ವಮಂಗಳಮ್ಮ ಹೇಳಿದರು: "ಇಪ್ಪತ್ತು ಬುಡಕ್ಕೆ ಬಂದಿತ್ತು ಸ್ವಾಮಿ. ಅದನ್ನ ಅಗೆದು ಅರವತ್ತು ಮಾಡಿ ನೆಟ್ಟೆ. ಕೈ ತುಂಬ ಮಣ್ಣು ಮಾಡ್ಕೊಂಡು ನಾನೇ ನೆಟ್ಟೆ. ಈಗ ತೋಟದಾಗೆ ಕಾಲಿಟ್ಟ ಕಡೆಯೆಲ್ಲ ಗೆರೆ."

ಪೂವಯ್ಯನವರು ಉಪನ್ಯಾಸದ ಕಡತ ಮುಂದಿಟ್ಟರು. ಅದರಲ್ಲಿ ಭಾಗಗಳು ಒಂದು, ಎರಡು, ಮೂರು, ನಾಲ್ಕು ಎಂದು ಕ್ರಮವಾಗಿ ಕೂತಿದ್ದವು. ಎರಡನೆಯದು ಮತ್ತೆ ತನ್ನ ಜಾಗಕ್ಕೆ ಬಂದಿತ್ತು. ಚೀಟಿಗಳೂ ಸರಿಯಾಗಿದ್ದವು. ಓದಿದವರಿಗೆ ಎಲ್ಲೂ ಲೋಪವಿಲ್ಲ. ಬೆಳೆಗಾರರಿಗೆ 'ಹಿಂದೆಮುಂದೆ ಆಯಿತು' ಎಂದು ಹೇಳಲು ಗೊತ್ತಿರಲಿಲ್ಲ, ಮುಂದೆ ಏನಿತ್ತು ಹಿಂದೆ ಏನಿತ್ತೆಂದು ಅವರಿಗೆ ತಿಳಿಯುವುದಾದರೂ ಹೇಗೆ? ಅದು ಗೊತ್ತಿದ್ದವರು ಇಬ್ಬರೇ.

ವಿಚಾರಣೆಯ ಹಿಂದಿನ ದಿನ ಪೂವಯ್ಯನವರು ಜವರಯ್ಯನನ್ನು ಕರೆದು ಒಂದು ಕಾಗದ ತೋರಿಸಿದ್ದರು. ಖಾಯಮಾತಿಯ ಶಿಫಾರಸು. ಸಹಿ ಒಂದು ಬಾಕಿ. "ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಜವರಯ್ಯ. ಇನ್ನೊಂದು ವರ್ಷಕ್ಕೆ ಕೊಡಗು ಮೈಸೂರಿಗೆ ಸೇರತ್ತೆ ಅಂತಾರೆ. ಆಗ ಹಂಗಾಮಿಗಳನ್ನ ಯಾರು ಕೇಳ್ತಾರೆ? ಅದೂ ಅಲ್ದೆ, ಮೂರನೇ ಭಾಗದಲ್ಲಿ ನಾನು ಬರೆದಿದ್ದ ಸಾಲು ಹೊಡೆದುಹಾಕಿದ್ದು ಯಾರ ಕೈ? ನಾನು ಹೇಳೋಕೆ ಹೋಗಲ್ಲ ಬಿಡಿ" ಎಂದಿದ್ದರು.

ಮೇಲಧಿಕಾರಿ ಜವರಯ್ಯನನ್ನು ಕರೆದು ಕೇಳಿದರು: "ಉಪನ್ಯಾಸ ಇದೇ ಕ್ರಮದಲ್ಲಿ ಇತ್ತೇನು?"

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಜವರಯ್ಯ ಕಡತವನ್ನು ನೋಡಿ, "ಬರೆದದ್ದು ಇದೇ ಕ್ರಮದಲ್ಲಿ ಸ್ವಾಮಿ" ಎಂದ. ಸುಳ್ಳಲ್ಲ. ಅದಕ್ಕಿಂತ ಕೆಟ್ಟದ್ದು. ಅವರು 'ಓದಿದ್ದು?' ಎಂದು ಇನ್ನೊಂದು ಪ್ರಶ್ನೆ ಕೇಳಲಿಲ್ಲ, ಇವನು ಇನ್ನೊಂದು ಮಾತು ಸೇರಿಸಲಿಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿದ್ದಾರೆಯೇ?

ಕೋತಿ ತಾನು ಬೆಣ್ಣೆ ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಇಲ್ಲಿ ಒರೆಸುವ ಕೆಲಸವೂ ಜವರಯ್ಯನ ಪಾಲಿಗೇ ಬಂತು. ಮೇಲಧಿಕಾರಿ ತಮ್ಮ ತೀರ್ಮಾನಗಳನ್ನು ಇಂಗ್ಲಿಷಿನಲ್ಲಿ ತುಂಡುತುಂಡಾಗಿ ಬರೆದಿದ್ದರು: ಉಪನ್ಯಾಸ ನಡೆಯಿತು, ಅದರಲ್ಲಿ ತಪ್ಪಿಲ್ಲ, ತೋಟಗಳಲ್ಲಿ ರೋಗ ಹರಡಿದೆ, ಇದು ಕೇಳಿದವರ ಅಜಾಗರೂಕತೆ. ಇದನ್ನು ಕನ್ನಡದಲ್ಲಿ ಜೋಡಿಸಿ ಬೆಳೆಗಾರರಿಗೆ ಸಭೆಯಲ್ಲಿ ಓದಿ ಹೇಳಬೇಕೆಂದು ಅಪ್ಪಣೆ. ತಪ್ಪಿಲ್ಲ ಎಂಬುದಕ್ಕೂ ತೋಟ ಹೋಯಿತು ಎಂಬುದಕ್ಕೂ ನಡುವೆ ಒಂದು ದೊಡ್ಡ ಕಂದಕವಿತ್ತು. ಯಾರಾದರೂ ಅಲ್ಲಿ ನಿಂತು, 'ಹಾಗಾದರೆ ಹದಿನಾಲ್ಕು ಜನವೂ ಒಂದೇ ತಪ್ಪು ಹೇಗೆ ಮಾಡಿದರು?' ಎಂದು ಕೇಳಿಯೇ ಕೇಳುತ್ತಾರೆ.

"ನಿಮ್ಮ ಕೈಚಳಕ ತೋರಿಸಿ" ಎಂದರು ಪೂವಯ್ಯನವರು.

ಜವರಯ್ಯ ತೋರಿಸಿದ. ಎರಡು ದಿನ ಕೂತು, ಕಂದಕದ ಮೇಲೆ ಒಂದು ವಾಕ್ಯ ಹಾಸಿದ: 'ಹೇಳಿದವರು ಹೇಳುವಷ್ಟನ್ನೂ ಹೇಳಿದರು; ಆದರೆ ಹೇಳಿದ್ದೆಲ್ಲ ಕೇಳಿದವರ ಮನೆ ಮುಟ್ಟುವುದೇ? ಮುಂಚೆಯೇ ಎದ್ದು ಹೋದವರ ತೋಟ ಏನಾಯಿತು, ನೋಡೋಣ.' ಬಸ್ಸಿಗೆಂದು ಎದ್ದು ಹೋದವರ ಹೆಗಲಿಗೆ ಎಲ್ಲವನ್ನೂ ಜಾರಿಸುವ ವಾಕ್ಯ. ಹಿಂದಿನದನ್ನು ಹಿಡಿಯಷ್ಟು ಮಾಡಿ, ಅದರಿಂದ ಪ್ರಶ್ನೆ ಎಬ್ಬಿಸಿ, ಮುಂದಿನದಕ್ಕೆ ಕೈಹಿಡಿದು ನಡೆಸುವ ವಾಕ್ಯ. ಅವನು ಬರೆದವುಗಳಲ್ಲೇ ಅದು ಎಲ್ಲಕ್ಕಿಂತ ಚೆನ್ನಾಗಿತ್ತು, ಅದು ಅವನಿಗೇ ಗೊತ್ತಿತ್ತು. ಸಿದ್ದಮ್ಮ, "ಏನ್ ಬರೀತಿದೀರಿ, ನಂಗೆ ಓದಲ್ವಾ?" ಎಂದು ಕೇಳಿದಳು. "ಇದು ಕಚೇರಿ ಗುಟ್ಟು" ಎಂದು ಗದರಿದ.

ಖಾಯಂ ಆದೇಶ ಮಾರ್ಚಿನಲ್ಲಿ ಕೈಗೆ ಬಂತು. ಸಿದ್ದಮ್ಮ ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿದಳು. ಮರುವಾರ, ಸೋಮವಾರ ಸಂತೆಯ ದಿನ, ತೀರ್ಮಾನ ಓದಿ ಹೇಳಲು ಪೂವಯ್ಯನವರಿಗೆ ಪುರುಸೊತ್ತಾಗಲಿಲ್ಲವೆಂದು ಜವರಯ್ಯನನ್ನೇ ಕಳಿಸಿದರು. ತಾನು ಬರೆದದ್ದನ್ನು ತನ್ನ ಬಾಯಲ್ಲೇ ಜನರ ಮುಂದೆ ಓದುವ ಭಾಗ್ಯ ಅವನಿಗೆ ಬಂದದ್ದು ಅದೊಂದೇ ಸಲ.

ಗಲಾಟೆಯಾಗುತ್ತದೆ, ಯಾರಾದರೂ ಎದ್ದು ಬಯ್ಯುತ್ತಾರೆ ಎಂದು ಅವನು ಎದುರು ನೋಡಿದ್ದ. ಒಳಗೊಳಗೇ ಹಾಗೆ ಆಗಲೆಂದೂ ಬಯಸಿದ್ದ. ಯಾರೂ ಏಳಲಿಲ್ಲ. ಕಂದಕದ ಜಾಗಕ್ಕೆ ಬಂದಾಗ ಅವನ ದನಿ ಸ್ವಲ್ಪ ನಡುಗಿತು, ಆದರೆ ವಾಕ್ಯ ನಡುಗಲಿಲ್ಲ. ಜನ ತಲೆಯಾಡಿಸುತ್ತ ಆ ಕಡೆಗೆ ದಾಟಿದರು. ಸಸಿ ಕೊಡಲಾಗುವುದಿಲ್ಲ ಎಂಬ ಕೊನೆಯ ಮಾತಿಗೂ ಒಂದು ನಿಟ್ಟುಸಿರು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಸಂತೆಯ ಚೀಲ ಎತ್ತಿಕೊಂಡು ಒಬ್ಬೊಬ್ಬರೇ ಹೊರಟರು.

ಸರ್ವಮಂಗಳಮ್ಮ ಮಾತ್ರ ಹತ್ತಿರ ಬಂದರು. ಇಷ್ಟರಲ್ಲೇ ಸೊರಗಿ ಇಳಿದುಹೋಗಿದ್ದರು. ಏಲಕ್ಕಿ ತೋಟವನ್ನೆಲ್ಲ ಕಿತ್ತು ಸುಟ್ಟು ಹದಿನೈದು ದಿನವಾಗಿತ್ತಂತೆ.

"ಚೆನ್ನಾಗಿ ತಿಳಿಯಂಗೆ ಓದಿದ್ರಿ ಮೇಷ್ಟ್ರೇ. ಇಷ್ಟು ದಿನ ಹೆಂಗಾಯ್ತು, ಹೆಂಗಾಯ್ತು ಅಂತ ತಲೆ ಕೆಟ್ಟೋಗಿತ್ತು ನಂಗೆ. ಇವತ್ತು ಅರ್ಥ ಆಯ್ತು" ಎಂದರು. "ನೀವು ಅವತ್ತೇ ಹೇಳಿದ್ರಿ, ಪೂರ್ತಿ ಕೇಳಿ, ಒಂದ್ ಮಾತೂ ಬಿಡ್ಬೇಡಿ ಅಂತ. ಬಸ್ಸಿನ ಆಸೇಗೆ ನಾನೇ ಎದ್ದೋದೆ. ತಪ್ಪು ನಂದೇ. ನಿಮ್ಮ ಮೇಲೂ ಬೇಜಾರ್ ಮಾಡ್ಕೊಂಡಿದ್ದೆ, ಅದನ್ನ ಮನಸ್ನಾಗೆ ಇಟ್ಕೋಬೇಡಿ."

ಅಷ್ಟು ಹೇಳಿ ಅವರು ಜವರಯ್ಯನಿಗೆ ಕೈಮುಗಿದರು.